ಆಂತರಿಕ ಹುದ್ದೆಗೆ ಅರ್ಜಿ: ವಿಭಾಗದ ಮುಖ್ಯಸ್ಥರಿಗೆ ತಿಳಿಸಿದರೆ ಸಾಕೇ, ಅವರ ಅನುಮತಿಯೂ ಬೇಕೇ?

ವೇಬ್ರಿಡ್ಜ್ ಗುಮಾಸ್ತೆ, ಕುಶಾಲನಗರ (ಜನವರಿ 8)

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಸಮೀಪದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ವೇಬ್ರಿಡ್ಜ್‌ನ ಗುಮಾಸ್ತೆಯಾಗಿದ್ದೇನೆ. ತೋಟಗಳಿಂದ ಬರುವ ಲಾರಿ, ಪಿಕಪ್‌ಗಳ ತೂಕ ಹಿಡಿದು ಚೀಟಿ ಬರೆಯುವುದು ನನ್ನ ಕೆಲಸ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಯಾರೂ ಊಹಿಸಲು ಹೋಗಬೇಡಿ.

ಇದೇ ಜನವರಿ 5ರಂದು ನಮ್ಮ ಸೂಚನಾ ಫಲಕದಲ್ಲಿ ಗುಣಮಟ್ಟ ಪ್ರಯೋಗಾಲಯದ ಸಹಾಯಕರ ಒಂದು ಹುದ್ದೆಗೆ ಒಳಗಿನ ನೌಕರರಿಂದ ಅರ್ಜಿ ಕರೆದಿದ್ದಾರೆ. ನಾನು ಬಿ.ಎಸ್ಸಿ. ಓದಿದವಳು. ಲಾರಿಗಳನ್ನು ತೂಗಿ ಸಾಕಾಗಿದೆ ಎಂದಲ್ಲ, ಚೀಲದೊಳಗೆ ಏನಿದೆ ಎಂದು ನೋಡುವ ಕೆಲಸ ಮಾಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇದೆ. ಸೂಚನೆಯ ಮುಖ್ಯ ಭಾಗವನ್ನು ಇದ್ದ ಹಾಗೆಯೇ ಬರೆಯುತ್ತೇನೆ:

"ಪ್ರಸ್ತುತ ಹುದ್ದೆಯಲ್ಲಿ ಕನಿಷ್ಠ 18 ತಿಂಗಳು ಸೇವೆ ಸಲ್ಲಿಸಿರುವ, ಕಳೆದ 12 ತಿಂಗಳಲ್ಲಿ ಲಿಖಿತ ಎಚ್ಚರಿಕೆ ಪಡೆಯದ ಕಾಯಂ ನೌಕರರು ಅರ್ಜಿ ಸಲ್ಲಿಸಬಹುದು. ವಿಜ್ಞಾನ ಪದವಿ ಅಥವಾ ಪ್ರಯೋಗಾಲಯದಲ್ಲಿ 3 ವರ್ಷಗಳ ಅನುಭವ ಇರಬೇಕು. ಭರ್ತಿ ಮಾಡಿದ ನಮೂನೆಯನ್ನು ಜನವರಿ 19ರ ಸಂಜೆ 5ರೊಳಗೆ ಸಿಬ್ಬಂದಿ ವಿಭಾಗಕ್ಕೆ ನೇರವಾಗಿ ಸಲ್ಲಿಸತಕ್ಕದ್ದು. ಸಂದರ್ಶನಕ್ಕೆ ಆಯ್ಕೆಯಾದ ಅಭ್ಯರ್ಥಿಗಳು ಸಂದರ್ಶನಕ್ಕೆ ಮುಂಚಿತವಾಗಿ ತಮ್ಮ ವಿಭಾಗದ ಮುಖ್ಯಸ್ಥರಿಗೆ ವಿಷಯ ತಿಳಿಸತಕ್ಕದ್ದು. ಆಸಕ್ತಿ ತೋರಿದ ನೌಕರರನ್ನು ವಿಭಾಗದ ಮುಖ್ಯಸ್ಥರು ನಿರುತ್ಸಾಹಗೊಳಿಸಬಾರದು; ಅರ್ಜಿ ಸಲ್ಲಿಸಿದ ಕಾರಣಕ್ಕೆ ಅವರ ಕೆಲಸದ ಹಂಚಿಕೆ, ರಜೆ ಅಥವಾ ವಾರ್ಷಿಕ ಮೌಲ್ಯಮಾಪನದಲ್ಲಿ ವ್ಯತ್ಯಾಸ ಮಾಡಬಾರದು. ಆಯ್ಕೆಯಾದವರನ್ನು 30 ದಿನಗಳೊಳಗೆ, ವಿಶೇಷ ಸಂದರ್ಭದಲ್ಲಿ ಲಿಖಿತ ಕಾರಣದೊಂದಿಗೆ 60 ದಿನಗಳೊಳಗೆ ಬಿಡುಗಡೆ ಮಾಡತಕ್ಕದ್ದು."

ಓದುವುದಕ್ಕೆ ಎಲ್ಲವೂ ಚೆನ್ನಾಗಿದೆ. ಆದರೆ ಸಿಬ್ಬಂದಿ ವಿಭಾಗ ಕೊಟ್ಟ ನಮೂನೆಯ ಕೊನೆಯಲ್ಲಿ "ವಿಭಾಗದ ಮುಖ್ಯಸ್ಥರು: ಶಿಫಾರಸು ಮಾಡಲಾಗಿದೆ / ಮಾಡಲಾಗಿಲ್ಲ" ಎಂದು ಸಹಿಯ ಜಾಗವಿದೆ. ನಿನ್ನೆ ಆ ನಮೂನೆಯನ್ನು ಯಾರ್ಡ್ ಮ್ಯಾನೇಜರ್ ಮುಂದಿಟ್ಟಾಗ ಅವರು, "ರೋಬಸ್ಟಾ ಬರುವ ಹೊತ್ತಿಗೆ ನಿನ್ನನ್ನು ವೇಬ್ರಿಡ್ಜ್‌ನಿಂದ ಬಿಟ್ಟರೆ ಇಲ್ಲಿ ಕೂರುವವರು ಯಾರು? ಏಪ್ರಿಲ್ ಆದ ಮೇಲೆ ನೋಡೋಣ" ಎಂದು ಕಾಗದವನ್ನು ಹಿಂದಕ್ಕೆ ಕೊಟ್ಟರು. ಬೈಯಲಿಲ್ಲ, ಆದರೆ ಸಹಿಯನ್ನೂ ಹಾಕಲಿಲ್ಲ.

ಇನ್ನೊಂದು ತೊಡಕೂ ಇದೆ. ನಾನು ಈ ಹುದ್ದೆಯಲ್ಲಿ ಕಾಯಂ ಆದದ್ದು ಹಿಂದಿನ ವರ್ಷಕ್ಕೂ ಹಿಂದಿನ ಜುಲೈ 12ರಂದು. ಅಂದರೆ 18 ತಿಂಗಳು ತುಂಬುವುದು ಜನವರಿ 11ಕ್ಕೆ. ಸೂಚನೆ ಹಾಕಿದ ದಿನ ನನಗೆ ಒಂದು ವಾರ ಕಡಿಮೆ, ಕೊನೆಯ ದಿನಕ್ಕೆ ಲೆಕ್ಕ ಹಾಕಿದರೆ ಒಂದು ವಾರ ಹೆಚ್ಚು. ನಾನು ಅರ್ಹಳೇ? ಸಹಿ ಇಲ್ಲದೆ ಅರ್ಜಿ ಕೊಡಬಹುದೇ?

ಕಾರ್ಮಿಕ ಸಂಘದ ಹಳಬ, ವಿರಾಜಪೇಟೆ (ಜನವರಿ 8)

ತಂಗಿ, ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಒಳಗಿನ ಹುದ್ದೆ ಎಂದ ಮೇಲೆ ಅದು ಸೇವಾ ಜ್ಯೇಷ್ಠತೆಯ ಪ್ರಕಾರವೇ ಹೋಗಬೇಕು. ಅರ್ಹತೆ ಇರುವವರಲ್ಲಿ ಹಿರಿಯರು ಯಾರೋ ಅವರಿಗೆ ಕೊಡಲೇಬೇಕು, ಕೊಡದಿದ್ದರೆ ಮಡಿಕೇರಿಯ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಒಂದು ದೂರು ಬರೆದರೆ ಸಾಕು. ಯಾರ್ಡ್ ಮ್ಯಾನೇಜರ್ ಸಹಿ ಹಾಕದೇ ಇರುವುದೇ ಅನುಚಿತ ಕಾರ್ಮಿಕ ಪದ್ಧತಿ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಇಂಥ ಪದ್ಧತಿಗಳ ಪಟ್ಟಿಯೇ ಇತ್ತು. ಈಗ ಅದರ ಜಾಗಕ್ಕೆ ಬಂದಿರುವ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿಯೂ ಆ ಪಟ್ಟಿ ಇದೆ, ಓದಿ ನೋಡಿ.

ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ (ಜನವರಿ 8)

ವಿರಾಜಪೇಟೆಯ ಮಿತ್ರರು ಹೇಳಿದ ಪಟ್ಟಿ ಇರುವುದು ನಿಜ, ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ದುರುದ್ದೇಶದ ವರ್ಗಾವಣೆ, ಯೋಗ್ಯತೆ ನೋಡದೆ ಒಂದು ಗುಂಪಿನ ಪಕ್ಷ ವಹಿಸುವುದು ಮುಂತಾದವು ಅದರಲ್ಲಿವೆ. ಒಬ್ಬ ಮ್ಯಾನೇಜರ್ ಒಂದು ನಮೂನೆಗೆ ಸಹಿ ಹಾಕಲಿಲ್ಲ ಎಂಬುದು ಅಲ್ಲಿಗೆ ಹೋಗಿ ತಲುಪುವುದಿಲ್ಲ. ಜ್ಯೇಷ್ಠತೆಯ ಮಾತು ಸರ್ಕಾರಿ ಸೇವೆಯ ಬಡ್ತಿಯಿಂದ ಬಂದದ್ದು. ಖಾಸಗಿ ಸಂಸ್ಥೆಯಲ್ಲಿ ಹೀಗೆ ಒಳಗೆ ಅರ್ಜಿ ಕರೆಯಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಕರೆಯುವುದಾಗಿ ಸಂಸ್ಥೆ ತಾನೇ ಮಾತು ಕೊಟ್ಟಿದೆ, ಆ ಮಾತಿನ ದಾಖಲೆಯೇ ನಿಮ್ಮ ಸೂಚನಾ ಫಲಕದಲ್ಲಿರುವ ಕಾಗದ. ಸಂಘದೊಂದಿಗೆ ಬಡ್ತಿಯ ಬಗ್ಗೆ ಲಿಖಿತ ಒಪ್ಪಂದವಿದ್ದರೆ ಮಾತ್ರ ಬೇರೆ ಲೆಕ್ಕ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ಆ ಕಾಗದದ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು, ಏಕೆಂದರೆ ಕೊನೆಯ ದಿನ ಕಳೆದ ಮರುದಿನವೇ ಫಲಕ ಖಾಲಿಯಾಗಿರುತ್ತದೆ.

ಈಗ ಸಹಿಯ ವಿಷಯ. ನೀವು ಬರೆದಿರುವ ಸೂಚನೆಯಲ್ಲಿ ಮೂರು ಕ್ರಿಯಾಪದಗಳಿವೆ. ಅರ್ಜಿಯನ್ನು ಸಿಬ್ಬಂದಿ ವಿಭಾಗಕ್ಕೆ ನೇರವಾಗಿ "ಸಲ್ಲಿಸತಕ್ಕದ್ದು". ಸಂದರ್ಶನಕ್ಕೆ ಆಯ್ಕೆಯಾದ ಮೇಲೆ ಮುಖ್ಯಸ್ಥರಿಗೆ "ತಿಳಿಸತಕ್ಕದ್ದು". ಆಯ್ಕೆಯಾದವರನ್ನು ಮುಖ್ಯಸ್ಥರು "ಬಿಡುಗಡೆ ಮಾಡತಕ್ಕದ್ದು". ಅನುಮತಿ ಪಡೆಯಬೇಕು ಎಂಬ ಮಾತು ಎಲ್ಲಿಯೂ ಇಲ್ಲ. ತಿಳಿಸುವುದು ಬೇರೆ, ಕೇಳುವುದು ಬೇರೆ. ಮುಖ್ಯಸ್ಥರ ಅಧಿಕಾರ ಇರುವುದು ಬಿಡುಗಡೆಯ ದಿನಾಂಕದ ಮೇಲೆ, ಅದೂ 60 ದಿನಗಳ ಮಿತಿಯೊಳಗೆ. ಅರ್ಜಿ ಹಾಕುವುದರ ಮೇಲೆ ಅಲ್ಲ.

ನಮೂನೆಯಲ್ಲಿ ಸಹಿಯ ಜಾಗ ಹೇಗೆ ಉಳಿಯಿತು ಎಂದು ನಾನು ಬಲ್ಲೆ, ನನ್ನ ಕಾಲದಲ್ಲಿಯೂ ಹೀಗೆಯೇ ಆಗಿತ್ತು. ನೀತಿಯನ್ನು ಹೊಸದಾಗಿ ಬರೆಯುತ್ತಾರೆ, ನಮೂನೆಯನ್ನು ಮಾತ್ರ ಹಳೆಯ ಕಡತದಿಂದ ತೆಗೆದು ಜೆರಾಕ್ಸ್ ಮಾಡುತ್ತಾರೆ. ಹಳೆಯ ನಮೂನೆ ಸರ್ಕಾರಿ ಕಚೇರಿಗಳ "ಸೂಕ್ತ ಮಾರ್ಗದ ಮೂಲಕ" ಎಂಬ ಪದ್ಧತಿಯನ್ನು ನೋಡಿ ತಯಾರಾದದ್ದು. ಅಲ್ಲಿ ನಿರಾಕ್ಷೇಪಣಾ ಪತ್ರವಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಹೊಸ ಸೂಚನೆ ಒಂದು ಹೇಳಿ ಹಳೆಯ ನಮೂನೆ ಇನ್ನೊಂದು ಹೇಳಿದಾಗ ಯಾವುದು ಮೇಲು ಎಂದು ನಿರ್ಧರಿಸಬೇಕಾದವರು ಸಿಬ್ಬಂದಿ ವಿಭಾಗದವರೇ ಹೊರತು ನೀವೂ ಅಲ್ಲ, ಯಾರ್ಡ್ ಮ್ಯಾನೇಜರ್ ಕೂಡ ಅಲ್ಲ. ಅದನ್ನು ಅವರಿಂದ ಬರಹದಲ್ಲಿ ಪಡೆಯಿರಿ.

18 ತಿಂಗಳ ಪ್ರಶ್ನೆಗೆ ನಿಮ್ಮ ಸೂಚನೆ ಮೌನವಾಗಿದೆ. ಸರ್ಕಾರಿ ನೇಮಕಾತಿಯ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಹೇಳಿರುವ ತತ್ವ ಹೀಗಿದೆ: ನಿಯಮದಲ್ಲಿ ದಿನಾಂಕವಿದ್ದರೆ ಅದು, ಇಲ್ಲದಿದ್ದರೆ ಅಧಿಸೂಚನೆಯಲ್ಲಿ ಹೇಳಿದ ದಿನಾಂಕ, ಅದೂ ಇಲ್ಲದಿದ್ದರೆ ಅರ್ಜಿ ಸ್ವೀಕರಿಸುವ ಕೊನೆಯ ದಿನಕ್ಕೆ ಅರ್ಹತೆಯನ್ನು ನೋಡಬೇಕು. ಇದು ನಿಮ್ಮ ಕ್ಯೂರಿಂಗ್ ವರ್ಕ್ಸ್ ಅನ್ನು ಕಟ್ಟಿಹಾಕುವುದಿಲ್ಲ. ಆದರೂ ಬೇರೇನನ್ನೂ ಬರೆಯದೇ ಇರುವಾಗ ನ್ಯಾಯವಾದ ಲೆಕ್ಕ ಇದೇ ಆಗಿರುವುದರಿಂದ ಸಿಬ್ಬಂದಿ ವಿಭಾಗ ಸಾಮಾನ್ಯವಾಗಿ ಒಪ್ಪುತ್ತದೆ. ಒಂದು ಎಚ್ಚರ ಮಾತ್ರ ಇರಲಿ: ಅರ್ಜಿಯನ್ನು ಜನವರಿ 12ಕ್ಕೆ ಮೊದಲು ಕೊಡಬೇಡಿ. ನಮೂನೆಯಲ್ಲಿ ಸಹಿಯ ಪಕ್ಕದಲ್ಲಿ ಹಾಕುವ ದಿನಾಂಕದಂದು ನಿಮಗೆ 18 ತಿಂಗಳು ತುಂಬಿರಬೇಕು; ಆಗ "ಅರ್ಜಿ ಹಾಕಿದ ದಿನ ಅರ್ಹಳಲ್ಲ" ಎಂಬ ಆಕ್ಷೇಪಕ್ಕೆ ಜಾಗವಿರುವುದಿಲ್ಲ.

ಮೇಷ್ಟ್ರು, ಸುಂಟಿಕೊಪ್ಪ (ಜನವರಿ 9)

ನಮ್ಮಲ್ಲಿ ವರ್ಗಾವಣೆ ಕೌನ್ಸೆಲಿಂಗ್ ನಡೆಯುವಾಗ ದಂಪತಿ ಪ್ರಕರಣ, ಅನಾರೋಗ್ಯ ಇವುಗಳಿಗೆಲ್ಲ ಆದ್ಯತೆ ಇರುತ್ತದೆ. ನಾನು ಸೋಮವಾರಪೇಟೆ ತಾಲ್ಲೂಕಿನಲ್ಲಿ ಎಷ್ಟೋ ವರ್ಷ ಇದ್ದು, ಮನೆಯವರ ಆರೋಗ್ಯದ ಕಾರಣ ಕೊಟ್ಟು ಈ ಕಡೆಗೆ ಬಂದೆ. ತಾವೂ ಇಂಥ ಕಾರಣವೊಂದಿದ್ದರೆ ಅರ್ಜಿಯ ಜೊತೆ ವೈದ್ಯಕೀಯ ಪ್ರಮಾಣಪತ್ರವನ್ನು ಲಗತ್ತಿಸಿದರೆ ಯಾರ್ಡ್ ಮ್ಯಾನೇಜರರು ಬೇಡವೆನ್ನಲಾರರು. ಮುಖ್ಯವಾಗಿ ಖಾಲಿ ಹುದ್ದೆಗಳ ಪಟ್ಟಿಯನ್ನು ಮೊದಲೇ ನೋಡಿಟ್ಟುಕೊಂಡಿರಬೇಕು.

ವೇಬ್ರಿಡ್ಜ್ ಗುಮಾಸ್ತೆ, ಕುಶಾಲನಗರ (ಜನವರಿ 9)

ಸರ್, ಧನ್ಯವಾದಗಳು. ಆದರೆ ಇದು ವರ್ಗಾವಣೆಯಲ್ಲ, ಸಂದರ್ಶನವಿರುವ ಬೇರೆ ಹುದ್ದೆ. ಪ್ರಯೋಗಾಲಯ ಇರುವುದು ನನ್ನ ವೇಬ್ರಿಡ್ಜ್‌ನಿಂದ ನೂರು ಹೆಜ್ಜೆ ದೂರದಲ್ಲಿ. ಆರೋಗ್ಯವೂ ಚೆನ್ನಾಗಿದೆ.

ಮಡಿಕೇರಿಯ ಸರ್, ಸಿಬ್ಬಂದಿ ವಿಭಾಗಕ್ಕೆ ಬರೆಯಲು ಒಂದು ಕರಡು ಮಾಡಿದ್ದೇನೆ. "ಯಾರ್ಡ್ ಮ್ಯಾನೇಜರ್ ಅವರು ಸೂಚನೆಯ ನಿಯಮವನ್ನು ಉಲ್ಲಂಘಿಸಿ ನನ್ನನ್ನು ನಿರುತ್ಸಾಹಗೊಳಿಸಿರುತ್ತಾರೆ, ಸಹಿ ನಿರಾಕರಿಸಿರುತ್ತಾರೆ, ಆದ್ದರಿಂದ ಸೂಕ್ತ ಕ್ರಮ ಕೈಗೊಂಡು ನನಗೆ ನ್ಯಾಯ ಒದಗಿಸಬೇಕಾಗಿ ಕೋರುತ್ತೇನೆ" ಎಂದು ಶುರುವಾಗುತ್ತದೆ. ಸರಿಯಾಗಿದೆಯೇ?

ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ (ಜನವರಿ 9)

ದಯವಿಟ್ಟು ಅದನ್ನು ಕಳುಹಿಸಬೇಡಿ. ಅದು ದೂರು. ದೂರು ಬಂದರೆ ಸಿಬ್ಬಂದಿ ವಿಭಾಗ ಮ್ಯಾನೇಜರ್ ಅವರನ್ನು ಕರೆಸಿ ವಿಚಾರಿಸಬೇಕು, ಅವರು ತಮ್ಮ ಕಡೆಯ ಮಾತು ಹೇಳಬೇಕು, ಅಷ್ಟರಲ್ಲಿ 19ನೇ ತಾರೀಖು ಕಳೆದುಹೋಗುತ್ತದೆ. ಅಲ್ಲದೆ ಅವರು ಆಡಿದ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಸೀಸನ್‌ನಲ್ಲಿ ಆಳಿಲ್ಲ ಎಂದು ಹೇಳಿದ್ದಾರೆ. ಅದು ಕಷ್ಟ ಹೇಳಿಕೊಂಡದ್ದೂ ಇರಬಹುದು, ತಡೆದದ್ದೂ ಇರಬಹುದು. ಈ ಹಂತದಲ್ಲಿ ಎರಡನೆಯದೇ ಎಂದು ನಾವು ತೀರ್ಮಾನಿಸಬೇಕಾಗಿಲ್ಲ. ನಿಮಗೆ ಈಗ ಬೇಕಾದದ್ದು ಎರಡು ಪ್ರಶ್ನೆಗಳಿಗೆ ಉತ್ತರ ಮಾತ್ರ. ಹೀಗೆ ಬರೆಯಿರಿ:

"ಜನವರಿ 5ರ ಸೂಚನೆಯನ್ವಯ ಪ್ರಯೋಗಾಲಯ ಸಹಾಯಕ ಹುದ್ದೆಗೆ ಅರ್ಜಿ ಸಲ್ಲಿಸಲು ಬಯಸಿದ್ದೇನೆ. ಪ್ರಸ್ತುತ ಹುದ್ದೆಯಲ್ಲಿ ನನ್ನ 18 ತಿಂಗಳ ಸೇವೆ ಜನವರಿ 11ಕ್ಕೆ ಪೂರ್ಣಗೊಳ್ಳುತ್ತದೆ. ಸೇವಾವಧಿಯನ್ನು ಅರ್ಜಿಯ ಕೊನೆಯ ದಿನಾಂಕಕ್ಕೆ ಲೆಕ್ಕ ಹಾಕಲಾಗುವುದೆಂದು ಭಾವಿಸಿದ್ದೇನೆ. ಸೂಚನೆಯ ಪ್ರಕಾರ ಅರ್ಜಿಯನ್ನು ನೇರವಾಗಿ ಸಲ್ಲಿಸಬೇಕಾಗಿದ್ದು, ನಮೂನೆಯಲ್ಲಿ ವಿಭಾಗದ ಮುಖ್ಯಸ್ಥರ ಶಿಫಾರಸಿನ ಕಲಂ ಇರುತ್ತದೆ. ಆ ಕಲಂ ಅನ್ನು ಖಾಲಿ ಬಿಟ್ಟು ಸಲ್ಲಿಸಬಹುದೇ ಎಂದು ದಯವಿಟ್ಟು ತಿಳಿಸಿರಿ."

ಮ್ಯಾನೇಜರ್ ಹೆಸರೂ ಬೇಡ, ಅವರ ಮಾತೂ ಬೇಡ. ಇ-ಮೇಲ್‌ನಲ್ಲಿ ಕಳುಹಿಸಿ. ಬಾಯಿಮಾತಿನಲ್ಲಿ ಉತ್ತರ ಬಂದರೆ, "ತಾವು ಇಂದು ತಿಳಿಸಿದಂತೆ" ಎಂದು ಅದನ್ನೇ ಬರೆದು ಇನ್ನೊಂದು ಸಾಲು ಕಳುಹಿಸಿ.

ತೋಟದ ಮ್ಯಾನೇಜರ್, ಸಿದ್ದಾಪುರ (ಜನವರಿ 10)

ನಾನು ಆಚೆ ಬದಿಯವನು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯಲು ಅವಕಾಶ ಕೊಡಿ. ಹಲವು ವಿಭಾಗಗಳಿರುವ ಒಂದು ಎಸ್ಟೇಟ್‌ನಲ್ಲಿ ನಾನು ಮ್ಯಾನೇಜರ್ ಆಗಿದ್ದಾಗ ನಮ್ಮಲ್ಲಿಯೂ ಇಂಥ ಪದ್ಧತಿ ಇತ್ತು. ನನ್ನ ಕೈಕೆಳಗಿನ ಒಬ್ಬ ರೈಟರ್ ಮುಖ್ಯ ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ಅರ್ಜಿ ಹಾಕಿದ. ಹುಡುಗ ಚುರುಕು, ಚೆಕ್‌ರೋಲ್ ಅವನ ಕೈಯಲ್ಲಿದ್ದರೆ ನಾನು ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆ. ಹಣ್ಣು ಕೊಯ್ಲಿನ ಸಮಯ, ಆಳುಗಳು ಹೊರಗಿನಿಂದ ಬಂದವರು, ದಿನದ ಕೊನೆಗೆ ಚೀಲದ ಲೆಕ್ಕ ಒಂದು ಕೆ.ಜಿ. ಹೆಚ್ಚುಕಡಿಮೆಯಾದರೂ ಗಲಾಟೆ. ನಾನು ಅವನಿಗೆ ಬೇಡವೆನ್ನಲಿಲ್ಲ. "ಸೀಸನ್ ಮುಗಿಯಲಿ" ಎಂದೆ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿಯಿತು. ಮೇ ತಿಂಗಳಲ್ಲಿ ಅವನು ರಾಜೀನಾಮೆ ಕೊಟ್ಟು ಪಾಲಿಬೆಟ್ಟದ ಕಡೆಯ ಬೇರೆ ತೋಟಕ್ಕೆ ಹೋದ. ನನಗೂ ಉಳಿಯಲಿಲ್ಲ, ಸಂಸ್ಥೆಗೂ ಉಳಿಯಲಿಲ್ಲ. ಅಂದು ನಾನು ತಡೆದೆ ಎಂದು ನನಗೇ ಅನ್ನಿಸಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಆದರೆ ಒಂದು ಮಾತನ್ನು ಗಮನಿಸಿ. ಇಂಥ ಸೂಚನೆಗಳಲ್ಲಿ ಮ್ಯಾನೇಜರ್ ಏನು ಮಾಡಬಾರದು ಎಂದಷ್ಟೇ ಬರೆದಿರುತ್ತಾರೆ. ಹೋದವನ ಜಾಗಕ್ಕೆ ಯಾರು, ಯಾವಾಗ ಬರುತ್ತಾರೆ ಎಂದು ಯಾರೂ ಬರೆಯುವುದಿಲ್ಲ. ವೇಬ್ರಿಡ್ಜ್ ಎಂದರೆ ಗುಂಡಿ ಒತ್ತುವುದಲ್ಲ. ಯಾವ ತೋಟದ ಪಾರ್ಚ್‌ಮೆಂಟ್, ಯಾವುದು ಚೆರ್ರಿ, ಖಾಲಿ ಲಾರಿಯ ತೂಕ ಹಿಡಿದರೋ ಇಲ್ಲವೋ, ಇದೆಲ್ಲ ಕೈಗೆ ಹತ್ತಲು ಹೊಸಬರಿಗೆ ತಿಂಗಳಾದರೂ ಬೇಕು. ಅರೇಬಿಕಾ ಮುಗಿಯುತ್ತಾ ಬಂದು ರೋಬಸ್ಟಾ ಶುರುವಾಗುವ ಈ ಹೊತ್ತಿನಲ್ಲಿ ಆ ಮ್ಯಾನೇಜರ್ ಹೆದರಿದ್ದರೆ ನಾನು ಅವರನ್ನು ದೂರಲಾರೆ.

ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ (ಜನವರಿ 10)

ಮ್ಯಾನೇಜರ್ ಸಾಹೇಬರ ಮಾತು ಸರಿ, ಆದರೆ ಆ ಹೆದರಿಕೆಗೆ ಸೂಚನೆಯಲ್ಲಿಯೇ ಔಷಧವಿದೆ, ಅದು ಬಿಡುಗಡೆಯ ಅವಧಿ. ಒಂದು ಮಾತಿಗೆ ಆಯ್ಕೆಯ ಆದೇಶ ಫೆಬ್ರವರಿ 12ಕ್ಕೆ ಬಂತು ಎಂದಿಟ್ಟುಕೊಳ್ಳಿ. 30 ದಿನವೆಂದರೆ ಮಾರ್ಚ್ 14. ಅದು ರೋಬಸ್ಟಾದ ನಡು ಸೀಸನ್, ಯಾರ್ಡ್ ಮ್ಯಾನೇಜರ್‌ಗೆ ನಿಜಕ್ಕೂ ಕಷ್ಟ. ಆಗ ಅವರು ಕಾರಣ ಬರೆದು 60 ದಿನ ಕೇಳಬಹುದು. ಅದು ಏಪ್ರಿಲ್ 13ಕ್ಕೆ ಮುಗಿಯುತ್ತದೆ, ಅಷ್ಟು ಹೊತ್ತಿಗೆ ಬರುವ ಲಾರಿಗಳೂ ತಗ್ಗಿರುತ್ತವೆ. ಅವರು "ಏಪ್ರಿಲ್ ಆದ ಮೇಲೆ" ಎಂದದ್ದಕ್ಕೂ ನಿಯಮ ಕೊಡುವ ದಿನಕ್ಕೂ ಹೆಚ್ಚಿನ ಅಂತರವೇ ಇಲ್ಲ! ವ್ಯತ್ಯಾಸವಿರುವುದು ಒಂದೇ ಕಡೆ: ನಿಯಮದ ದಾರಿಯಲ್ಲಿ ಈ ಹೆಣ್ಣುಮಗಳ ಅರ್ಜಿ ಈಗಲೇ ಒಳಗೆ ಹೋಗಿರುತ್ತದೆ, ಅವರ ದಾರಿಯಲ್ಲಿ ಏಪ್ರಿಲ್ ಹೊತ್ತಿಗೆ ಹುದ್ದೆ ಬೇರೆಯವರ ಪಾಲಾಗಿರುತ್ತದೆ.

ನಾನು ಸೇವೆಯಲ್ಲಿದ್ದಾಗ ಮ್ಯಾನೇಜರುಗಳಿಗೆ ಹೇಳುತ್ತಿದ್ದದ್ದು ಇಷ್ಟೇ. ಯಾರಾದರೂ ಬಂದು ಹೇಳಿದರೆ ಮೊದಲ ಪ್ರಶ್ನೆ "ಯಾಕೆ ಬಿಟ್ಟು ಹೋಗುತ್ತೀ" ಎಂದಾಗಬಾರದು, "ಆ ಕೆಲಸದಲ್ಲಿ ಏನು ಇಷ್ಟ" ಎಂದಾಗಬೇಕು. ಬೇರೆಯವರ ಮುಂದೆ ಆ ಮಾತನ್ನು ಎತ್ತಬಾರದು. ನಿಮ್ಮ ಕಷ್ಟವನ್ನು ನೌಕರನ ತಲೆಗೆ ಕಟ್ಟಬೇಡಿ, ಬದಲಿ ಆಳು ಬೇಕೆಂದು ಅದೇ ದಿನ ಸಿಬ್ಬಂದಿ ವಿಭಾಗಕ್ಕೆ ಬರೆಯಿರಿ. ಬದಲಿ ಸಿಗದಿರುವುದು ಸಿಬ್ಬಂದಿ ವಿಭಾಗದ ತಪ್ಪಾಗಬೇಕು, ಅರ್ಜಿ ಹಾಕಿದವನ ತಪ್ಪಲ್ಲ.

ಪ್ಯಾಕಿಂಗ್ ವಿಭಾಗ, ಕೂಡಿಗೆ (ಜನವರಿ 11)

ನನ್ನದೂ ಒಂದು ಪ್ರಶ್ನೆ. ನಾನು ಎರಡು ಸೀಸನ್ ಗುತ್ತಿಗೆದಾರರ ಮೂಲಕ ಕೆಲಸ ಮಾಡಿ ಕಳೆದ ವರ್ಷ ಕಾಯಂ ಆದೆ. 18 ತಿಂಗಳಿಗೆ ಆ ಎರಡು ಸೀಸನ್‌ಗಳನ್ನೂ ಸೇರಿಸಬಹುದೇ?

ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ (ಜನವರಿ 11)

"ಪ್ರಸ್ತುತ ಹುದ್ದೆಯಲ್ಲಿ" ಎಂದಿದ್ದರೆ ಸೇರುವುದಿಲ್ಲ. ಆಗ ನೀವು ಗುತ್ತಿಗೆದಾರರ ನೌಕರರು, ಸಂಸ್ಥೆಯ ಹುದ್ದೆಯಲ್ಲಿ ಇರಲಿಲ್ಲ. ಅರ್ಜಿಯಲ್ಲಿ ಅನುಭವದ ಕಲಂನಲ್ಲಿ ಬರೆಯಿರಿ, ಸೇವಾವಧಿಯ ಕಲಂನಲ್ಲಿ ಬೇಡ. ಅಲ್ಲಿ ಬರೆದರೆ ತಪ್ಪು ಮಾಹಿತಿ ಕೊಟ್ಟಂತಾಗುತ್ತದೆ.

ವೇಬ್ರಿಡ್ಜ್ ಗುಮಾಸ್ತೆ, ಕುಶಾಲನಗರ (ಜನವರಿ 14)

ಸಿಬ್ಬಂದಿ ವಿಭಾಗದಿಂದ ಉತ್ತರ ಬಂತು. ಸೇವಾವಧಿಯನ್ನು ಜನವರಿ 19ಕ್ಕೆ ಲೆಕ್ಕ ಹಾಕುತ್ತಾರಂತೆ. ಶಿಫಾರಸಿನ ಕಲಂ ಬಗ್ಗೆ ಮಾತ್ರ, "ಸಹಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಅರ್ಜಿ ಸ್ವೀಕರಿಸಲಾಗುವುದು" ಎಂದು ಬರೆದಿದ್ದಾರೆ. ನಿನ್ನೆ ಅರ್ಜಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಸಂದರ್ಶನಕ್ಕೆ ಕರೆ ಬರುವ ಮೊದಲೇ ಯಾರ್ಡ್ ಮ್ಯಾನೇಜರ್ ಅವರಿಗೆ ಹೇಳಲೇ ಎಂದು ಎರಡು ದಿನ ಯೋಚಿಸಿದೆ. ಒಮ್ಮೆ ನಮೂನೆ ತೋರಿಸಿದ ಮೇಲೆ ಮುಚ್ಚಿಟ್ಟರೆ ಚೆನ್ನಾಗಿರುವುದಿಲ್ಲ ಎನಿಸಿ ಹೇಳಿದೆ. "ಸರಿ" ಎಂದರು, ಇನ್ನೇನೂ ಹೇಳಲಿಲ್ಲ.

ಕಾರ್ಮಿಕ ಸಂಘದ ಹಳಬ, ವಿರಾಜಪೇಟೆ (ಜನವರಿ 14)

"ಸಹಿ ಇದ್ದರೆ ಒಳ್ಳೆಯದು" ಎಂಬ ಮಾತಿನಲ್ಲಿಯೇ ಮೋಸವಿದೆ. ಸಹಿ ತಂದವನ ಅರ್ಜಿ ಮೇಲೆ, ತರದವರ ಅರ್ಜಿ ಕೆಳಗೆ. ಜ್ಯೇಷ್ಠತೆಯ ವಿಷಯದಲ್ಲಿ ನಾನು ತಪ್ಪಿರಬಹುದು, ಇದರಲ್ಲಿ ತಪ್ಪಿಲ್ಲ.

ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ (ಜನವರಿ 14)

ಇದರಲ್ಲಿ ನಾನೂ ನಿಮ್ಮ ಪಕ್ಷ. ಸಹಿಯನ್ನು ಎಲ್ಲರಿಂದಲೂ ಕೇಳಬೇಕು, ಇಲ್ಲವೇ ಯಾರಿಂದಲೂ ಕೇಳಬಾರದು.

ತೋಟದ ಮ್ಯಾನೇಜರ್, ಸಿದ್ದಾಪುರ (ಜನವರಿ 15)

ನಾನು ಒಪ್ಪುವುದಿಲ್ಲ. ಆ ನೌಕರನನ್ನು ದಿನವೂ ನೋಡಿದವನು ಮ್ಯಾನೇಜರ್. ಅರ್ಧ ಗಂಟೆಯ ಸಂದರ್ಶನದಲ್ಲಿ ಕಾಣದ್ದು ಅವನಿಗೆ ಗೊತ್ತಿರುತ್ತದೆ. ಅವನ ಅಭಿಪ್ರಾಯವೇ ಬೇಡವೆಂದರೆ ಹೇಗೆ?

ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ (ಜನವರಿ 15)

ಅಭಿಪ್ರಾಯ ಕೇಳಲಿ, ಆದರೆ ಶಿಫಾರಸನ್ನಲ್ಲ, ಸಂಗತಿಗಳನ್ನು ಕೇಳಲಿ. ತೂಕದ ಚೀಟಿಯಲ್ಲಿ ತಪ್ಪಾಗುತ್ತಿತ್ತೇ, ಸಮಯಕ್ಕೆ ಬರುತ್ತಿದ್ದರೇ, ಹಳೆಯ ಮೌಲ್ಯಮಾಪನದಲ್ಲಿ ಏನಿತ್ತು? ಒಳ್ಳೆಯ ನೌಕರನನ್ನು ಉಳಿಸಿಕೊಳ್ಳಬೇಕಾದ ಮ್ಯಾನೇಜರ್ "ಶಿಫಾರಸು ಮಾಡಲಾಗಿಲ್ಲ" ಎಂದು ಬರೆಯುತ್ತಾನೆ, ಕೆಟ್ಟ ನೌಕರನನ್ನು ಸಾಗಹಾಕಬೇಕಾದವನು ಹೊಗಳಿ ಬರೆಯುತ್ತಾನೆ. ನಾನು ಎರಡನ್ನೂ ಕಂಡಿದ್ದೇನೆ.

ತೋಟದ ಮ್ಯಾನೇಜರ್, ಸಿದ್ದಾಪುರ (ಜನವರಿ 15)

ಹಾಗೆ ಬರೆಯುವ ಮ್ಯಾನೇಜರುಗಳಿದ್ದಾರೆ ಎಂದು ಎಲ್ಲರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಇದನ್ನು ಇಲ್ಲಿಗೆ ಬಿಡೋಣ.

ವೇಬ್ರಿಡ್ಜ್ ಗುಮಾಸ್ತೆ, ಕುಶಾಲನಗರ (ಫೆಬ್ರವರಿ 5)

ಮೊನ್ನೆ ಸಂದರ್ಶನ ಮುಗಿಯಿತು. ಮೂವರು ಇದ್ದೆವು. ಒಂದು ತಟ್ಟೆಯಲ್ಲಿ ಕ್ಲೀನ್ ಕಾಫಿ ಕೊಟ್ಟು ಕಪ್ಪು ಬೀಜ, ಬೋರರ್ ತೂತು ಬಿದ್ದ ಬೀಜ, ಒಡೆದ ಚೂರು, ಪೀಬೆರಿ ಎಂದು ಬೇರೆ ಮಾಡಲು ಹೇಳಿದರು. ಅದು ಪರವಾಗಿಲ್ಲ. ಆಮೇಲೆ ಔಟ್‌ಟರ್ನ್ ಲೆಕ್ಕ ಕೇಳಿದರು. 50 ಕೆ.ಜಿ. ಚೆರ್ರಿ ಚೀಲಕ್ಕೆ ಎಷ್ಟು ಕೆ.ಜಿ. ಕ್ಲೀನ್ ಬರುತ್ತದೆ ಎಂಬ ಲೆಕ್ಕ ನನಗೆ ಗೊತ್ತು, ದಿನವೂ ಬೆಳೆಗಾರರ ಬಾಯಲ್ಲಿ ಕೇಳುತ್ತೇನೆ. ಆದರೆ ಚೆರ್ರಿ ಸರಿಯಾಗಿ ಒಣಗಿರದಿದ್ದರೆ ಆ ಲೆಕ್ಕವನ್ನು ಹೇಗೆ ನೋಡಬೇಕು ಎಂದಾಗ ತಡವರಿಸಿದೆ. ತೇವ ಹೆಚ್ಚಿದ್ದರೆ ತೂಕ ಸುಳ್ಳು ಹೇಳುತ್ತದೆ ಎಂದು ತೋಚಿತು, ಅದನ್ನು ಅಂಕಿಯಲ್ಲಿ ಹೇಳಲು ಬರಲಿಲ್ಲ.

ಸಮಿತಿಯಲ್ಲಿ ಒಬ್ಬರು, "ನಿಮ್ಮ ಯಾರ್ಡ್ ಮ್ಯಾನೇಜರ್ ನಿಮ್ಮನ್ನು ಬಿಡುತ್ತಾರೆಯೇ?" ಎಂದು ಕೇಳಿದರು. ಬಿಡುಗಡೆಗೆ ಸೂಚನೆಯಲ್ಲಿ 30 ಮತ್ತು 60 ದಿನಗಳ ಅವಧಿ ಇದೆ, ಆ ಅವಧಿಯಲ್ಲಿ ಹೊಸಬರಿಗೆ ನಾನೇ ಕೆಲಸ ಕಲಿಸಿಕೊಡುತ್ತೇನೆ ಎಂದೆ.

ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ (ಫೆಬ್ರವರಿ 5)

ಆ ಪ್ರಶ್ನೆಯನ್ನು ಕೇಳಬಾರದಿತ್ತು, ನೀವು ಕೊಟ್ಟ ಉತ್ತರ ಸರಿಯಾಗಿದೆ.

ವೇಬ್ರಿಡ್ಜ್ ಗುಮಾಸ್ತೆ, ಕುಶಾಲನಗರ (ಫೆಬ್ರವರಿ 24)

ಹುದ್ದೆ ನನಗೆ ಆಗಲಿಲ್ಲ. ಗ್ರೇಡಿಂಗ್ ವಿಭಾಗದ ಒಬ್ಬರಿಗೆ ಆಯಿತು. ಅವರು ನನಗಿಂತ ಚೆನ್ನಾಗಿ ಬಲ್ಲವರು, ಅದರ ಬಗ್ಗೆ ನನಗೆ ಬೇಸರವಿಲ್ಲ. ಕಾರಣ ತಿಳಿಸುವಂತೆ ಕೇಳಿದ್ದಕ್ಕೆ ಪ್ರಯೋಗಾಲಯದ ಮುಖ್ಯಸ್ಥರು ತೇವಾಂಶ ಮತ್ತು ಔಟ್‌ಟರ್ನ್ ವಿಷಯದಲ್ಲಿ ಅಭ್ಯಾಸ ಸಾಲದು ಎಂದು ಎರಡು ಸಾಲು ಬರೆದುಕೊಟ್ಟು, ಬಿಡುವಿದ್ದಾಗ ಬಂದು ನೋಡಿ ಕಲಿಯಬಹುದು ಎಂದೂ ಹೇಳಿದ್ದಾರೆ.

ಈಗ ಬೇರೆ ಸಂಗತಿ. ನಿನ್ನೆಯಿಂದ ನನ್ನನ್ನು ವೇಬ್ರಿಡ್ಜ್‌ನಿಂದ ತೆಗೆದು ಗೋದಾಮಿನಲ್ಲಿ ಗೋಣಿಚೀಲ ಎಣಿಸುವ ಕೆಲಸಕ್ಕೆ ಹಾಕಿದ್ದಾರೆ. ಅಲ್ಲಿಯ ಗುಮಾಸ್ತರು ದೀರ್ಘ ರಜೆಯಲ್ಲಿದ್ದಾರೆ ಎಂಬುದು ಕಾರಣ. ಅವರು ರಜೆಯಲ್ಲಿರುವುದು ನಿಜ. ಆದರೆ ರೋಬಸ್ಟಾ ಹೊತ್ತಿನಲ್ಲಿ ನಾನಿಲ್ಲದೆ ವೇಬ್ರಿಡ್ಜ್ ನಡೆಯುವುದಿಲ್ಲ ಎಂದು ಜನವರಿಯಲ್ಲಿ ಹೇಳಿದವರೇ ಈಗ ಅದೇ ರೋಬಸ್ಟಾ ಹೊತ್ತಿನಲ್ಲಿ ಒಬ್ಬ ಹೊಸ ಹುಡುಗನನ್ನು ಅಲ್ಲಿ ಕೂರಿಸಿದ್ದಾರೆ. ಸಂಬಳದಲ್ಲಿ ವ್ಯತ್ಯಾಸವಿಲ್ಲ.

ಕಾರ್ಮಿಕ ಸಂಘದ ಹಳಬ, ವಿರಾಜಪೇಟೆ (ಫೆಬ್ರವರಿ 24)

ಈಗ ಹೇಳಿ ಸರ್, ಇದು ದುರುದ್ದೇಶದ ವರ್ಗಾವಣೆ ಅಲ್ಲವೇ? ಈಗಲಾದರೂ ಐದನೇ ಅನುಸೂಚಿ ನೆನಪಾಗುತ್ತದೆಯೇ?

ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ (ಫೆಬ್ರವರಿ 24)

ನೆನಪಾಗುತ್ತದೆ, ಆದರೆ ಆ ಪಟ್ಟಿಯಲ್ಲಿರುವುದು ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಮಾಡುವ ವರ್ಗಾವಣೆಯ ಮಾತು. ಒಂದೇ ಕಾಂಪೌಂಡಿನಲ್ಲಿ ವೇಬ್ರಿಡ್ಜ್‌ನಿಂದ ಗೋದಾಮಿಗೆ ಹಾಕಿದ್ದು ಅದರೊಳಗೆ ಬರುತ್ತದೆಯೇ ಎಂಬ ಬಗ್ಗೆ ನನಗೆ ಬಲವಾದ ಅನುಮಾನವಿದೆ. ಅದಕ್ಕಿಂತ ಹತ್ತಿರದ ಆಧಾರ ಸೂಚನೆಯಲ್ಲಿಯೇ ಇದೆ: "ಅರ್ಜಿ ಸಲ್ಲಿಸಿದ ಕಾರಣಕ್ಕೆ ಕೆಲಸದ ಹಂಚಿಕೆಯಲ್ಲಿ ವ್ಯತ್ಯಾಸ ಮಾಡಬಾರದು." ಆದರೆ ಅಲ್ಲಿಯೂ "ಕಾರಣಕ್ಕೆ" ಎಂಬ ಪದವಿದೆ. ಬದಲಾವಣೆಯಾಗಿದೆ ಎಂದು ತೋರಿಸಿದರೆ ಸಾಲದು, ಅರ್ಜಿಯೇ ಅದಕ್ಕೆ ಕಾರಣ ಎಂದು ತೋರಬೇಕು.

ಅದನ್ನು ಹೇಳುವುದು ಮನಸ್ಸಿನೊಳಗಿನ ಮಾತಲ್ಲ, ಹಾಜರಿ ಮತ್ತು ಕೆಲಸ ಹಂಚಿಕೆಯ ಪುಸ್ತಕ. ಹಿಂದಿನ ಸೀಸನ್‌ಗಳಲ್ಲಿ ಗೋದಾಮಿನ ಗುಮಾಸ್ತರು ರಜೆ ಹಾಕಿದಾಗ ಅಲ್ಲಿಗೆ ಯಾರನ್ನು ಕಳುಹಿಸುತ್ತಿದ್ದರು? ವೇಬ್ರಿಡ್ಜ್‌ನಿಂದಲೇ ಕಳುಹಿಸುತ್ತಿದ್ದರೆ ನಿಮ್ಮ ಅನುಮಾನ ನಿಲ್ಲುವುದಿಲ್ಲ. ಯಾವಾಗಲೂ ಪ್ಯಾಕಿಂಗ್‌ನಿಂದ ಕಳುಹಿಸುತ್ತಿದ್ದು ಈ ಬಾರಿ ಮಾತ್ರ ನಿಮ್ಮನ್ನು ಆರಿಸಿದ್ದರೆ, ಅದಕ್ಕೆ ಅವರು ಜನವರಿಯಲ್ಲಿ ಆಡಿದ ಮಾತೂ ಸೇರಿ, ಕೇಳಬೇಕಾದ ಪ್ರಶ್ನೆಯೊಂದು ಹುಟ್ಟುತ್ತದೆ. ಆ ಮಾತನ್ನು ಆಡಿದ ದಿನ, ಹೊತ್ತು, ಹತ್ತಿರದಲ್ಲಿ ಯಾರಿದ್ದರು ಎಂಬುದನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಇಲ್ಲಿ ನೀವು ಜನವರಿ 8ರಂದು ಬರೆದಿರುವುದೂ ಉಪಯೋಗಕ್ಕೆ ಬಂದೀತು.

ತೋಟದ ಮ್ಯಾನೇಜರ್, ಸಿದ್ದಾಪುರ (ಫೆಬ್ರವರಿ 25)

ಇನ್ನೊಂದು ರೀತಿಯಲ್ಲಿಯೂ ನೋಡಬಹುದು. ಇವರು ಹೋದರೆ ಏನು ಗತಿ ಎಂದು ಹೆದರಿದ ಮ್ಯಾನೇಜರ್ ಆ ಹೊತ್ತಿಗಾಗಲೇ ಒಬ್ಬ ಹುಡುಗನನ್ನು ತಯಾರು ಮಾಡಿರಬಹುದು. ಈಗ ವೇಬ್ರಿಡ್ಜ್‌ಗೆ ಇಬ್ಬರಿದ್ದಾರೆ, ಗೋದಾಮಿಗೆ ಯಾರೂ ಇಲ್ಲ. ನಾನಾಗಿದ್ದರೂ ಹೀಗೆಯೇ ಮಾಡುತ್ತಿದ್ದೆನೇನೋ. ಆದರೆ ಕರೆದು ಕೂರಿಸಿ ಇಷ್ಟು ಮಾತನ್ನು ಹೇಳಿ ಮಾಡುತ್ತಿದ್ದೆ, ಎಷ್ಟು ದಿನ ಎಂದೂ ಹೇಳುತ್ತಿದ್ದೆ.

ವೇಬ್ರಿಡ್ಜ್ ಗುಮಾಸ್ತೆ, ಕುಶಾಲನಗರ (ಫೆಬ್ರವರಿ 27)

ಹಂಚಿಕೆಯ ಪುಸ್ತಕವನ್ನು ನೋಡಿದೆ. ಕಳೆದ ವರ್ಷ ಫೆಬ್ರವರಿಯಲ್ಲಿ ಹತ್ತು ದಿನ ವೇಬ್ರಿಡ್ಜ್‌ನ ಇನ್ನೊಬ್ಬರನ್ನು ಗೋದಾಮಿಗೆ ಕಳುಹಿಸಿದ್ದಾರೆ. ಅದರ ಹಿಂದಿನ ವರ್ಷ ಪ್ಯಾಕಿಂಗ್‌ನಿಂದ ಕಳುಹಿಸಿದ್ದಾರೆ. ಆದ್ದರಿಂದ ಹೀಗೆಂದೂ ಹೇಳಲಾಗುವುದಿಲ್ಲ, ಹಾಗೆಂದೂ ಹೇಳಲಾಗುವುದಿಲ್ಲ. ನಿನ್ನೆ ಯಾರ್ಡ್ ಮ್ಯಾನೇಜರ್ ಅವರನ್ನೇ ಕೇಳಿದೆ, ಎಷ್ಟು ದಿನ ಸರ್ ಎಂದು. "ಮಾರ್ಚ್ 20ರವರೆಗೆ" ಎಂದರು. ಅದನ್ನು "ತಾವು ತಿಳಿಸಿದಂತೆ" ಎಂದು ಒಂದು ಸಾಲಿನಲ್ಲಿ ಬರೆದು ಅವರಿಗೇ ಕಳುಹಿಸಿದ್ದೇನೆ. ಉತ್ತರ ಬಂದಿಲ್ಲ. ಗೋದಾಮಿನಿಂದ ಪ್ರಯೋಗಾಲಯ ಇನ್ನೂ ಹತ್ತಿರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ತೇವಾಂಶ ಮಾಪಕದ ಮುಂದೆ ನಿಂತು ನೋಡಿ ಬರುತ್ತಿದ್ದೇನೆ.

ನಿವೃತ್ತ ಸಿಬ್ಬಂದಿ ಅಧಿಕಾರಿ, ಮಡಿಕೇರಿ (ಫೆಬ್ರವರಿ 27)

ಮಾರ್ಚ್ 21ರಂದು ನೀವು ಎಲ್ಲಿ ಕುಳಿತಿದ್ದೀರಿ ಎಂದು ಇಲ್ಲಿ ಬರೆಯಿರಿ.